ವಿಷಯ: ಬಿಲ್ ಫೋಟೋಗಳಿಂದ ಮಾಡುವ ಶೀಟಿನಲ್ಲಿ ಕಾಲಂ ಹೇಗಿರಬೇಕು

ನಮಸ್ಕಾರ ಸರ್,

ಜುಲೈ ತಿಂಗಳ ಬಿಲ್‌ಗಳ ಫೋಟೋ ಡ್ರೈವ್‌ನಲ್ಲಿ ಹಾಕಿದ್ದೇನೆ. ಒಟ್ಟು 63 ಇವೆ. ಈ ಸಲ ಬಿಲ್ ಬಂದ ದಿನವೇ ಸಂಜೆ ಫೋಟೋ ತೆಗೆದಿದ್ದೇವೆ. ವಿರಾಜಪೇಟೆಯ ಮಳೆಗೆ ಅಂಗಡಿಯ ಡ್ರಾಯರ್‌ನಲ್ಲಿಟ್ಟ ಕಾಗದವೂ ತೇವ ಎಳೆಯುತ್ತದೆ. ಥರ್ಮಲ್ ಪೇಪರ್ ಬಿಲ್ ಅಂತೂ ಕೆಲವು ತಿಂಗಳಲ್ಲೇ ಬೆಳ್ಳಗಾಗುತ್ತದೆ. ಹಾಗಾಗಿ ಇನ್ನು ಮುಂದೆ ಫೋಟೋನೇ ನಮ್ಮ ದಾಖಲೆ.

ಹೋದ ವರ್ಷ ನಮ್ಮ ಲೆಕ್ಕ ಬರೆಯುತ್ತಿದ್ದವರು ದಿನಾಂಕ, ಅಂಗಡಿ, ಒಟ್ಟು ಮೊತ್ತ ಅಂತ ಮೂರೇ ಕಾಲಂ ಮಾಡಿದ್ದರು. ಯಾವ ಸಾಲು ಯಾವ ಬಿಲ್ಲಿನದು ಅಂತ ಹುಡುಕಲು ನಾನೂ ನಮ್ಮ ಯಜಮಾನರೂ ಎರಡು ಭಾನುವಾರ ಕೂತೆವು. ಕೆಲವು ಬಿಲ್ ಸಿಗಲೇ ಇಲ್ಲ, ಅವುಗಳ ತೆರಿಗೆ ಕ್ರೆಡಿಟ್ ಬಿಟ್ಟುಬಿಡಬೇಕಾಯಿತು. ಅದಕ್ಕೇ ಈ ಸಲ ಮೊದಲೇ ವಿವರವಾಗಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ನನಗೆ ಬೇಕಾಗಿರುವುದು ಇಷ್ಟು: ಶೀಟಿನ ಯಾವ ಸಾಲು ನೋಡಿದರೂ ಅದರ ಫೋಟೋ ತಕ್ಷಣ ಸಿಗಬೇಕು.

ಮೊದಲ ಸಾಲಿನಲ್ಲಿ ಎ ಇಂದ ಒ ವರೆಗೆ ಇದೇ ಕ್ರಮದಲ್ಲಿ ಹಾಕಿ:

```
ಫೋಟೋ ಹೆಸರು, ಬಿಲ್ ದಿನಾಂಕ, ಬಿಲ್ ನಂಬರ್, ಅಂಗಡಿ ಹೆಸರು, ಜಿಎಸ್‌ಟಿ ನಂಬರ್,
ಯಾವುದಕ್ಕೆ, ತೆರಿಗೆ ದರ, ತೆರಿಗೆಗೆ ಮುಂಚಿನ ಮೊತ್ತ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ,
ಐಜಿಎಸ್‌ಟಿ, ರೌಂಡ್ ಆಫ್, ಒಟ್ಟು, ಪಾವತಿ, ಷರಾ
```

ಫೋಟೋ ಹೆಸರು ಡ್ರೈವ್‌ನಲ್ಲಿ ಹೇಗಿದೆಯೋ ಹಾಗೆಯೇ ಇರಲಿ, ಉದಾಹರಣೆಗೆ `0711-03.jpg`. ಅಂದರೆ ಜುಲೈ 11ರಂದು ತೆಗೆದ ಮೂರನೇ ಫೋಟೋ. ದಿನಾಂಕದ ಕಾಲಂನಲ್ಲಿ ಮಾತ್ರ ಬಿಲ್ಲಿನ ಮೇಲಿರುವ ದಿನಾಂಕವೇ ಬರಬೇಕು. ದಿನ, ತಿಂಗಳು, ವರ್ಷ ಈ ಕ್ರಮದಲ್ಲಿ.

ಬಿಲ್ ನಂಬರ್ ಕಾಲಂ ಅನ್ನು ದಯವಿಟ್ಟು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಇಲ್ಲದಿದ್ದರೆ 0045 ಅಂತ ಹೊಡೆದರೆ 45 ಆಗುತ್ತದೆ, 3/12 ಅಂತ ಹೊಡೆದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಆಮೇಲೆ ಜಿಎಸ್‌ಟಿ ಪೋರ್ಟಲ್‌ನ 2ಬಿ ಜೊತೆ ಹೊಂದುವುದೇ ಇಲ್ಲ.

ಜಿಎಸ್‌ಟಿ ನಂಬರ್ ಪೂರ್ತಿ 15 ಅಕ್ಷರ ಇರಲಿ. ಇಲ್ಲಿನ ಅಂಗಡಿಗಳದ್ದು 29ರಿಂದ ಶುರುವಾಗುತ್ತದೆ. ಮಾಕುಟ್ಟ ದಾಟಿ ಕೇರಳದಿಂದ ಬರುವ ಪೌಚು, ಬಾಟಲಿಗಳ ಬಿಲ್ಲಿನಲ್ಲಿ 32 ಇರುತ್ತದೆ, ಅವುಗಳಲ್ಲಿ ಐಜಿಎಸ್‌ಟಿ ಇದೆ. ಬಿಲ್ಲಿನಲ್ಲಿ ನಂಬರೇ ಇಲ್ಲದಿದ್ದರೆ ಆ ಮನೆ ಖಾಲಿ ಬಿಡಿ. ಗೆರೆಯೂ ಬೇಡ, ಸೊನ್ನೆಯೂ ಬೇಡ.

ಒಂದು ಬಿಲ್ಲಿಗೆ ಒಂದು ಸಾಲು ಸಾಕು, ಒಳಗಿನ ಒಂದೊಂದು ಸಾಮಾನೂ ಬರೆಯಬೇಕಿಲ್ಲ. ಆದರೆ ಒಂದೇ ಬಿಲ್ಲಿನಲ್ಲಿ 5 ಮತ್ತು 18 ಎರಡೂ ದರ ಇದ್ದರೆ ಎರಡು ಸಾಲು ಮಾಡಿ. ಫೋಟೋ ಹೆಸರು, ಬಿಲ್ ನಂಬರ್ ಎರಡರಲ್ಲೂ ಅದೇ ಇರಲಿ. ರೌಂಡ್ ಆಫ್ ಮೊದಲ ಸಾಲಿನಲ್ಲಿ ಮಾತ್ರ, ಕಡಿಮೆ ಮಾಡಿದ್ದರೆ ಮೈನಸ್ ಹಾಕಿ. ಒಟ್ಟು ಕಾಲಂನಲ್ಲಿ ಆ ಸಾಲಿನ ಒಟ್ಟು ಮಾತ್ರ ಬರಬೇಕು. ಇಲ್ಲದಿದ್ದರೆ ಬಿಲ್ಲಿನ ಮೊತ್ತ ಎರಡು ಸಲ ಸೇರಿಹೋಗುತ್ತದೆ. ನನಗೆ ಭಯ ಇರುವುದು ಇಲ್ಲೇ.

ಉದಾಹರಣೆಗೆ ಇಲ್ಲಿನ ಅಂಗಡಿಯ ಪೌಚಿನ ಒಂದು ಬಿಲ್: ತೆರಿಗೆಗೆ ಮುಂಚೆ 4250.00, ದರ 18, ಸಿಜಿಎಸ್‌ಟಿ 382.50, ಎಸ್‌ಜಿಎಸ್‌ಟಿ 382.50, ಒಟ್ಟು 5015.00. ಮೊತ್ತದ ಮನೆಗಳಲ್ಲಿ ರೂಪಾಯಿ ಗುರುತು ಬೇಡ, ಬರೀ ಅಂಕಿ ಸಾಕು. ಷರಾ ಪಕ್ಕದಲ್ಲಿ ಈ ಫಾರ್ಮುಲಾ ಹಾಕಿ ಕೆಳಗಿನವರೆಗೂ ಎಳೆಯಿರಿ:

```
=ROUND(SUM(H2:L2)-M2,2)
```

ಸೊನ್ನೆ ಬರದ ಸಾಲುಗಳನ್ನು ಮಾತ್ರ ಇಬ್ಬರೂ ಕೂತು ನೋಡಿದರಾಯಿತು.

ಡೀಸೆಲ್‌ಗೆ ಜಿಎಸ್‌ಟಿ ಇಲ್ಲ, ಕಾಂಪೊಸಿಶನ್ ಅಂಗಡಿಯವರು ತೆರಿಗೆ ಬೇರೆ ಹಾಕುವುದಿಲ್ಲ. ಅಂಥ ಕಡೆ ಪೂರ್ತಿ ಮೊತ್ತ ಎಚ್ ಕಾಲಂಗೇ ಹೋಗಲಿ. ಬೆಳೆಗಾರರಿಂದ ಮೆಣಸು, ಜೇನು ಕೊಂಡದ್ದಕ್ಕೆ ನಾವೇ ಬರೆದ ಚೀಟಿಗಳಿವೆ, ಅವಕ್ಕೂ ಹಾಗೆಯೇ.

'ಯಾವುದಕ್ಕೆ' ಅನ್ನುವಲ್ಲಿ ಐದೇ ಪದ ಬಳಸಿ: ಸರಕು, ಪ್ಯಾಕಿಂಗ್, ಸಾಗಾಟ, ಅಂಗಡಿ ಖರ್ಚು, ಮನೆ. ಮನೆ ಸಾಮಾನಿನ ಬಿಲ್ ಒಂದೆರಡು ಸೇರಿರಬಹುದು. ಅವನ್ನು ಅಳಿಸಬೇಡಿ, ಮನೆ ಅಂತ ಬರೆದು ಬಿಡಿ. ಪಾವತಿಯಲ್ಲಿ ನಗದು, ಯುಪಿಐ, ಬ್ಯಾಂಕ್ ಅಥವಾ ಬಾಕಿ. ಒಬ್ಬರಿಗೇ ಒಂದೇ ದಿನ 10,000 ದಾಟಿ ನಗದು ಕೊಡಬಾರದು ಅಂತ ನೀವೇ ಹೇಳಿದ್ದಿರಿ ಅಲ್ವಾ, ಹಾಗೆ ಆಗಿದ್ದರೆ ಈ ಕಾಲಂ ನೋಡಿದರೇ ಗೊತ್ತಾಗುತ್ತದೆ.

ಫೋಟೋದಲ್ಲಿ ಅಂಕಿ ಸರಿಯಾಗಿ ಕಾಣದಿದ್ದರೆ ಅಂದಾಜಿನಲ್ಲಿ ತುಂಬಬೇಡಿ ಸರ್. ಖಾಲಿ ಬಿಟ್ಟು ಷರಾದಲ್ಲಿ 'ಓದಲಾಗಲಿಲ್ಲ' ಅಂತ ಬರೆಯಿರಿ. ಕಾಗದ ಇನ್ನೂ ನನ್ನ ಹತ್ತಿರ ಇದೆ, ಅವತ್ತೇ ಮತ್ತೆ ಫೋಟೋ ತೆಗೆದು ಕಳಿಸುತ್ತೇನೆ. `0719-02.jpg` ಸ್ವಲ್ಪ ಮಸುಕಾಗಿದೆ, ಅವತ್ತು ಕರೆಂಟ್ ಇರಲಿಲ್ಲ.

ಮೊದಲು ಹತ್ತು ಬಿಲ್ ಮಾತ್ರ ತುಂಬಿ ಕಳಿಸಿ, ನೋಡಿ ಹೇಳುತ್ತೇನೆ. ಉಳಿದದ್ದು ಆಗಸ್ಟ್ 12ರೊಳಗೆ ಸಿಕ್ಕರೆ ಒಳ್ಳೆಯದು. 14ಕ್ಕೆ 2ಬಿ ಬಂದ ಕೂಡಲೇ ಹೋಲಿಸಿ, ಬಿಲ್ ಅಪ್‌ಲೋಡ್ ಮಾಡದ ಅಂಗಡಿಯವರಿಗೆ ನಾನೇ ಫೋನ್ ಮಾಡುತ್ತೇನೆ. ಕೆಲಸ ಜಾಸ್ತಿ ಆಗುತ್ತದೆ ಅನಿಸಿದರೆ ನಿಮ್ಮ ಫೀಸ್ ಎಷ್ಟು ಅಂತ ಸಂಕೋಚವಿಲ್ಲದೆ ತಿಳಿಸಿ.

ವಂದನೆಗಳು,
ದೇಚಮ್ಮ
ಕಾಫಿ ಪುಡಿ ಮತ್ತು ಮಸಾಲೆ ಅಂಗಡಿ, ವಿರಾಜಪೇಟೆ