ಸಹನಾ ಮದುವೆಗೆ ಇನ್ನು ನಾಲ್ಕೇ ದಿನ!

ಎಲ್ಲರಿಗೂ ನಮಸ್ಕಾರ ರೀ. ಇವತ್ತು ಬುಧವಾರ. ಭಾನುವಾರ ಬೆಳಿಗ್ಗೆ 10.20ರಿಂದ 11.05ರ ಒಳಗೆ ಮುಹೂರ್ತ. ಮದುಮಗಳು ನಿನ್ನೆ ರಾತ್ರಿಯಿಂದ ಸುಮ್ಮಸುಮ್ಮನೆ ನಗ್ತಿದ್ದಾಳೆ, ಅಪ್ಪ ಸುಮ್ಮಸುಮ್ಮನೆ ಸಿಟ್ಟಾಗ್ತಿದ್ದಾರೆ. ಅಂದ್ರೆ ಮದುವೆ ಮನೆ ಕಳೆ ಬಂತು ಅಂತ ಅರ್ಥ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ವಿದ್ಯಾನಗರದ ಮನೆ ಮುಂದೆ ಹಂದರಗಂಬ. ಹಾಲು-ತುಪ್ಪ ಬಿಡೋಕೆ ದೊಡ್ಡಪ್ಪ, ದೊಡ್ಡಮ್ಮ ಮುಂದೆ ನಿಲ್ಲಬೇಕು. ದೊಡ್ಡಪ್ಪ, ನೀವು ಗುರುವಾರ ಸಂಜೆಯೇ ಜಗಳೂರಿಂದ ಬಂದುಬಿಡ್ರಿ. ಬೆಳಗಿನ ಬಸ್ಸಿಗೆ ಬರ್ತೀನಿ ಅನ್ನೋದು ಬೇಡ. ಮಾವಿನ ಸೊಪ್ಪು, ತೆಂಗಿನ ಗರಿ ಹೊನ್ನಾಳಿ ಮಾವ ತರ್ತಾರೆ, ಬಾಳೆಕಂಬ ಮಂಟಪದವರದ್ದೇ.

ಶನಿವಾರ ಬೆಳಿಗ್ಗೆ ಅರಿಶಿನ. ಇಲ್ಲೊಂದು ಮುಖ್ಯ ವಿಷಯ: ಒನಕೆ ಬೇಕಾಗಿದೆ! ಬೀಸೋಕಲ್ಲು ಅಟ್ಟದ ಮೇಲಿತ್ತು, ಇಳಿಸಿ ತೊಳೆದಿಟ್ಟಿದ್ದೀವಿ. ಒನಕೆ ಮಾತ್ರ ಇಡೀ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಮಿಕ್ಸಿ ಪೂಜೆ ಮಾಡಿಬಿಡೋಣ ಅಂದಿದ್ದಕ್ಕೆ ಅಜ್ಜಿ, 'ಹಂಗಾರೆ ತಾಳಿನೂ ಆನ್‌ಲೈನ್‌ನಾಗೆ ಕಟ್ಟಿಸ್ರಪ್ಪ' ಅಂದ್ರು. ಆನಗೋಡು ಅತ್ತೆ, ನಿಮ್ಮ ಹಳೇ ಮನೆ ಹಿತ್ತಲ ಕೋಣೆಯಲ್ಲಿ ಒಂದು ಇತ್ತಲ್ಲ, ತುದಿಗೆ ಕಬ್ಬಿಣದ ಬಳೆ ಇರೋದು, ಅದನ್ನ ಹುಡುಕಿ ತನ್ನಿ. ಬೀಗರು ಚಿತ್ರದುರ್ಗದವರು ಬೇರೆ. ಓಬವ್ವನ ಊರಿಂದ ಬರೋರ ಮುಂದೆ ಹೆಣ್ಣಿನ ಕಡೆಯವರ ಹತ್ರ ಒಂದು ಒನಕೆ ಇಲ್ಲ ಅಂದ್ರೆ ನಮ್ಮ ಮರ್ಯಾದೆ ಏನಾಗಬೇಕು!

ಅರಿಶಿನ ಕುಟ್ಟೋಕೆ ಐದು ಜನ ಮುತ್ತೈದೆಯರು ಬೇಕು. ಅಮ್ಮ, ದೊಡ್ಡಮ್ಮ, ಆನಗೋಡು ಅತ್ತೆ, ಹರಿಹರದ ಚಿಕ್ಕಮ್ಮ, ಸುಮಕ್ಕ. ಐದೂ ಜನ ಎಂಟು ಗಂಟೆಗೆ ಹಾಜರ್ ಇರಬೇಕು. ಚಿಕ್ಕಮ್ಮ, ಹರಿಹರ ಹತ್ತಿರವೇ ಅಂತ ನೀವು ಯಾವಾಗಲೂ ಕೊನೆಗೆ ಬರ್ತೀರಿ, ಈ ಸಲ ಆ ಆಟ ನಡೆಯಲ್ಲ. ಹಳೇ ಸೀರೆ ಉಟ್ಟು ಬರ್ರಿ. ಸೋದರತ್ತೆಯಂದಿರು ಯಾರನ್ನೂ ಬಿಡಲ್ಲ ಅಂತ ಈಗಲೇ ಪಣ ತೊಟ್ಟಿದ್ದಾರೆ.

ಬೆಂಗಳೂರಿನವರು ಶನಿವಾರ ಬೆಳಗಿನ ವಂದೇ ಭಾರತ್‌ಗೆ ಬರ್ತಿದ್ದಾರೆ, ಸ್ಟೇಷನ್ನಿಗೆ ನಾನು ಮತ್ತೆ ಕಿರಣ ಎರಡು ಕಾರು ತರ್ತೀವಿ. ಲಗೇಜು ಜಾಸ್ತಿ ಇದ್ರೆ ಮೊದಲೇ ಹೇಳಿ. ಕಾರಲ್ಲಿ ಬರೋರು ಹೈವೇಯಲ್ಲಿ ಬಂದು ಊರೊಳಗೆ ನುಗ್ಗಿ ಸಿಕ್ಕಿಹಾಕ್ಕೊಬೇಡಿ, ಮಂಟಪ ಹದಡಿ ರಸ್ತೆಯಲ್ಲಿದೆ, ಲೊಕೇಶನ್ ಮೇಲೆ ಪಿನ್ ಮಾಡಿದ್ದೀನಿ.

ಬೆಣ್ಣೆದೋಸೆ ವಿಷಯ. ಕಳೆದ ಸಲ ಗೃಹಪ್ರವೇಶಕ್ಕೆ ಬಂದವರು 'ಹತ್ತೇ ನಿಮಿಷ, ಒಂದೊಂದು ದೋಸೆ' ಅಂತ ಹೋಗಿ, ಪೂಜೆ ಮುಗಿದು ಮಂಗಳಾರತಿ ಆದ ಮೇಲೆ ತುಟಿ ಒರೆಸಿಕೊಂಡು ಬಂದ್ರು. ಹೆಸರು ಹೇಳಲ್ಲ, ಮೈಸೂರಿನವರಿಗೆ ಗೊತ್ತು. ಅದಕ್ಕೇ ಈ ಸಲ ದೋಸೆಯನ್ನೇ ಮಂಟಪಕ್ಕೆ ಕರೆಸಿದ್ದೀವಿ. ಶನಿವಾರ ಸಂಜೆ ಆರತಕ್ಷತೆಗೆ ಎರಡು ಹಂಚು, ಪಕ್ಕದಲ್ಲೇ ಮಂಡಕ್ಕಿ ಮೆಣಸಿನಕಾಯಿ. ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಮೇಲೆ ಬೆಣ್ಣೆ ಮುದ್ದೆ, ಎಲ್ಲಾ ಅಲ್ಲೇ. ಆಚೆ ಹೋಗೋಕೆ ಯಾರಿಗೂ ನೆವ ಇಲ್ಲ. ಭಾನುವಾರದ ಊಟಕ್ಕೆ ಶೇಂಗಾ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ ಖಾತ್ರಿ. ಗೋಧಿ ಹುಗ್ಗಿನೋ ಬುಂದೆ ಲಾಡೋ ಅನ್ನೋ ಜಗಳ ಅಪ್ಪ ಮತ್ತೆ ಚಿಕ್ಕಪ್ಪನ ನಡುವೆ ಇನ್ನೂ ನಡೀತಿದೆ. ನನಗೆ ಕೇಳಿದ್ರೆ ಹುಗ್ಗಿಯೇ.

ಭಾನುವಾರ ಬೀಗರ ಬಸ್ಸು ಭರಮಸಾಗರ ದಾಟಿದ ತಕ್ಷಣ ಫೋನ್ ಮಾಡ್ತಾರೆ. ಆಗಿಂದ ಎಲ್ಲರೂ ಬಾಗಿಲ ಹತ್ರ ಇರಬೇಕು. ಆರತಿ ತಟ್ಟೆ ಸುಮಕ್ಕ, ಪನ್ನೀರು ಮಕ್ಕಳು, ಕಾಲಿಗೆ ನೀರು ಕೊಡೋದು ಕಿರಣ. ಮದುಮಗನ ಚಪ್ಪಲಿ ಅಡಗಿಸೋ ತಂಡ ಬೇರೆ ಗ್ರೂಪ್ ಮಾಡ್ಕೊಂಡಿದೆ ಅಂತ ಸುದ್ದಿ ಬಂದಿದೆ. ಐದು ಸಾವಿರಕ್ಕಿಂತ ಕಡಿಮೆಗೆ ಒಪ್ಪಬೇಡ್ರಪ್ಪ, ಹುಡುಗ ಒಳ್ಳೇ ಸಂಬಳದಲ್ಲಿದ್ದಾನೆ. ಆದರೆ ಮುಹೂರ್ತ ಮುಗಿಯೋವರೆಗೆ ತರಲೆ ಬೇಡ. ಅಕ್ಕಿಕಾಳು ಎಸೆಯೋವಾಗ ಐನೋರ ತಲೆಗೆ ಗುರಿ ಇಡೋದೂ ಬೇಡ.

ಉಳ್ಕೊಳ್ಳೋಕೆ ಮಂಟಪದಲ್ಲಿ ಹನ್ನೆರಡು ರೂಮು, ವಯಸ್ಸಾದವರಿಗೆ ಕೆಳಗಿನವು. ಹೊದಿಕೆ ಒಂದೊಂದು ತನ್ನಿ, ಬೆಳಗಿನ ಜಾವ ಥಂಡಿ. ಒಡವೆ, ದುಡ್ಡಿನ ಚೀಲ ರೂಮಲ್ಲಿ ಬಿಡಬೇಡಿ, ದೊಡ್ಡಮ್ಮನ ಹತ್ರ ಬೀಗ ಇರೋ ಟ್ರಂಕಿದೆ.

ಇನ್ನೂ ಏಳು ಮನೆಯವರು ಎಷ್ಟು ಜನ ಬರ್ತೀರಿ ಅಂತ ಹೇಳಿಲ್ಲ. ಅಡಿಗೆಯವರು ನಾಳೆ ಮಧ್ಯಾಹ್ನ ಸಾಮಾನು ಪಟ್ಟಿ ಕೇಳ್ತಾರೆ. ಬರೀ ಕೈ ಮುಗಿಯೋ ಚಿತ್ರ ಹಾಕಿ ಸುಮ್ಮನಾಗಬೇಡಿ. ಮನೆ ಹೆಸರು, ದೊಡ್ಡವರು ಎಷ್ಟು, ಮಕ್ಕಳು ಎಷ್ಟು, ಯಾವತ್ತು ಬರ್ತೀರಿ, ಇಷ್ಟನ್ನ ಇವತ್ತು ರಾತ್ರಿ ಒಂಬತ್ತರೊಳಗೆ ಹಾಕಿ. ಅತ್ತೆ, ಒನಕೆ ಸಿಕ್ಕಿದ್ರೆ ಫೋಟೋ ಕಳಿಸ್ರಿ, ಅಜ್ಜಿಗೆ ತೋರಿಸಬೇಕು.