ನವೆಂಬರ್ 5ರಿಂದ ಮತ್ತೆ ಶಿರಸಿ ಆಫೀಸಿಗೆ

ಎಲ್ಲರಿಗೂ ನಮಸ್ಕಾರ,

ದೀಪಾವಳಿ ಮುಗಿಸ್ಕೊಂಡು ನವೆಂಬರ್ 5 ಬುಧವಾರದಿಂದ ಮತ್ತೆ ಆಫೀಸಿಗೆ ಬರೋಕೆ ಶುರು ಮಾಡೋಣ ಅಂತ ತೀರ್ಮಾನ ಆಗಿದೆ, ಒಂದೇ ಸಲಕ್ಕೆ ಅಲ್ಲ, ವಾರ ಪೂರ್ತಿನೂ ಅಲ್ಲ. ಮನೇಲಿದ್ದು ಯಾರೂ ಕೆಲಸ ಕದ್ದಿಲ್ಲ, ಈ ಮಳೆಗಾಲದಲ್ಲಿ ಕರೆಂಟ್ ಇಲ್ದೇ ಇದ್ರೂ ಇನ್ವರ್ಟರ್ ಮೇಲೆ ಕೂತು, ನೆಟ್ ಸಿಗೋ ಜಾಗ ಹುಡುಕ್ಕೊಂಡು ಹೋಗಿ ಕೆಲಸ ಮುಗಿಸಿದೋರು ನೀವು.

ಮುಖ್ಯ ಕಾರಣ ಹೊಸದಾಗಿ ಸೇರಿದೋರು. ಮೊನ್ನೆ ಅವರಲ್ಲೊಬ್ರು ಒಂದು ಸೊಸೈಟಿಯ ಪಟ್ಟೀಲಿ ತೂಕ ತಾಳೆ ಆಗ್ತಿಲ್ಲ ಅಂತ ಎರಡು ದಿನ ಕೋಡ್ ತಡಕಾಡಿದ್ರು, ಆಮೇಲೆ ನೋಡಿದ್ರೆ ಚಾಲಿಯಿಂದ ಆರಿಸಿ ತೆಗೆದ ಬಿಳೆಗೋಟು ಬೇರೆ ಲಾಟ್ ಆಗಿ ಎಂಟ್ರಿ ಆಗಿತ್ತು, ಕೋಡ್ ಸರಿಯಾಗೇ ಇತ್ತು. ಪಕ್ಕದಲ್ಲಿ ಅಡಕೆ ವ್ಯವಹಾರ ಗೊತ್ತಿರೋರು ಕೂತಿದ್ರೆ ಐದು ನಿಮಿಷದ ಮಾತು. ಗ್ರೂಪಲ್ಲಿ ಎಲ್ಲರೆದುರು ಕೇಳೋಕೆ ಸಂಕೋಚ ಆಯ್ತು ಅಂದ್ರು, ಅದು ಸಹಜ, ಹಾಗೆ ಒಬ್ರೇ ಒದ್ದಾಡೋದು ತಪ್ಪಬೇಕು. ಇನ್ನು ಹೊಸ ಅಡಕೆ ಬರೋಕೆ ಶುರುವಾದ್ಮೇಲೆ ಸೊಸೈಟಿ ಫೋನ್‌ಗಳು ನಿಲ್ಲಲ್ಲ, ಪಟ್ಟಿ ಪ್ರಿಂಟ್ ಆಗದಿದ್ರೆ ಬೆಳೆಗಾರರು ಕೌಂಟರ್ ಮುಂದೆ ಕಾಯ್ಬೇಕಾಗತ್ತೆ, ಆ ಹೊತ್ತಲ್ಲಿ ಸಪೋರ್ಟ್‌ನೋರೂ ಡೆವಲಪರೂ ಒಂದೇ ರೂಮಲ್ಲಿ ಇದ್ರೆ ಅನುಕೂಲ.

ನವೆಂಬರಲ್ಲಿ ಬುಧವಾರ ಮಾತ್ರ ಬನ್ನಿ. ಡಿಸೆಂಬರಲ್ಲಿ ಬುಧವಾರ, ಗುರುವಾರ. ಜನವರಿ ಎರಡನೇ ವಾರದಿಂದ ಮಂಗಳವಾರವೂ ಸೇರಿ ಮೂರು ದಿನ, ಅದಕ್ಕಿಂತ ಜಾಸ್ತಿ ಮಾಡಲ್ಲ. ಸೋಮವಾರ, ಶುಕ್ರವಾರ ಮನೆಯಿಂದಲೇ.

ಕೊನೆ ಕೊಯ್ಲು ಇರೋರು ಆ ವಾರ ಮನೆಯಿಂದಲೇ ಮಾಡಿ, ಎರಡು ದಿನ ಮುಂಚೆ ಹೇಳಿದ್ರೆ ಸಾಕು, ಕೊನೆಗೌಡ್ರು ಬರೋ ದಿನ ನಮ್ಮ ಕೈಲಿಲ್ಲ ಅಂತ ಗೊತ್ತು. ಕುಮಟಾ, ಅಂಕೋಲಾ ಕಡೆಯೋರು ವಾರಕ್ಕೆ ಮೂರು ಸಲ ದೇವಿಮನೆ ಘಟ್ಟ ಹತ್ತಿಳಿಯೋದು ನ್ಯಾಯ ಅಲ್ಲ, ಅವರು ತಿಂಗಳಿಗೆ ಎರಡು ದಿನ ಬಂದ್ರೆ ಸಾಕು, ಬಸ್ ಚಾರ್ಜ್ ಆಫೀಸ್ ಕೊಡತ್ತೆ. ಚಿಕ್ಕ ಮಕ್ಕಳು, ಹುಷಾರಿಲ್ಲದ ಹಿರಿಯರು ಮನೇಲಿರೋರು ನನ್ನ ಹತ್ರ ಮಾತಾಡಿ, ಬೇರೆ ವ್ಯವಸ್ಥೆ ಮಾಡೋಣ. ಹಳ್ಳಿ ಬಸ್ ಹಿಡಿಯೋರು ನಾಲ್ಕೂವರೆಗೇ ಹೊರಟು ಉಳಿದ ಕೆಲಸ ಮನೇಲಿ ಮುಗಿಸಬಹುದು. 2026ರ ಮಾರಿಕಾಂಬಾ ಜಾತ್ರೆ ಅಷ್ಟೂ ದಿನ ಎಲ್ಲರಿಗೂ ವರ್ಕ್ ಫ್ರಮ್ ಹೋಮ್.

ಜೂನ್‌ನಿಂದ ಆಗಸ್ಟ್ ತನಕ ಕಡ್ಡಾಯ ಇಲ್ಲ. 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದಿದ್ದನ್ನ ನಾವ್ಯಾರೂ ಮರೆತಿಲ್ಲ, ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದ ದಿನ, ಅದು ಯಾವ ತಿಂಗಳೇ ಇರಲಿ, ಯಾರೂ ಹೊರಡಬೇಡಿ, ಪರ್ಮಿಶನ್ ಕೇಳೋದೂ ಬೇಡ.

ಆಫೀಸಲ್ಲಿ ಎರಡನೇ ನೆಟ್ ಲೈನು, ಹೊಸ ಬ್ಯಾಟರಿ ಅಕ್ಟೋಬರ್ ಒಳಗೆ ಹಾಕ್ತಿದೀವಿ, ಅದು ಆಗದಿದ್ರೆ ಶುರುವಾಗೋ ದಿನಾನೇ ಮುಂದೆ ಹಾಕ್ತೀವಿ. ಯಾರಿಗೆ ಯಾವ ದಿನ ಕಷ್ಟ ಅಂತ ಅಕ್ಟೋಬರ್ 15ರ ಒಳಗೆ ನನಗೆ ಮೆಸೇಜ್ ಮಾಡಿ, ಗ್ರೂಪಲ್ಲಿ ಬೇಡ ಅನ್ಸಿದ್ರೆ ಫೋನ್ ಮಾಡಿ. ಫೆಬ್ರವರಿ ಕೊನೇಲಿ ಎಲ್ಲರೂ ಕೂತು ಯಾವುದು ಸರಿಹೋಯ್ತು, ಯಾವುದು ಇಲ್ಲ ಅಂತ ನೋಡಿ ಬದಲಾಯಿಸೋಣ.

ಟೀಮ್ ಮ್ಯಾನೇಜರ್, ಶಿರಸಿ