ಮದುವೆ ಊಟದ ಮುಂಗಡ: ಕಂತು ಮತ್ತು ಪೇಮೆಂಟ್ ಲಿಂಕ್ ಕುರಿತು

ಹುಬ್ಬಳ್ಳಿ, 10 ಡಿಸೆಂಬರ್ 2025

ಗದಗಿನ ಹೆಣ್ಣಿನ ಕಡೆಯವರಿಗೂ ಧಾರವಾಡದ ಗಂಡಿನ ಕಡೆಯವರಿಗೂ ನಮಸ್ಕಾರ.

2026ರ ಫೆಬ್ರುವರಿ 20, ಶುಕ್ರವಾರ ಧಾರವಾಡದಲ್ಲಿ ನಡೆಯುವ ಮದುವೆಯ ಊಟದ ಜವಾಬ್ದಾರಿಯನ್ನು ನಮಗೆ ಒಪ್ಪಿಸಿದ್ದೀರಿ. ಖರ್ಚನ್ನು ಎರಡೂ ಕಡೆಯವರು ಅರ್ಧರ್ಧ ಹಂಚಿಕೊಳ್ಳುವುದಾಗಿ ಹೇಳಿದ್ದೀರಿ. ದುಡ್ಡು ಯಾವಾಗ, ಎಷ್ಟು, ಹೇಗೆ ಕಟ್ಟಬೇಕು ಎಂಬುದನ್ನು ಈ ಪತ್ರದಲ್ಲಿ ಬಿಡಿಸಿ ಬರೆದಿದ್ದೇವೆ. ಮನೆಯಲ್ಲಿ ಹಣದ ವ್ಯವಹಾರ ನೋಡಿಕೊಳ್ಳುವವರು ಒಮ್ಮೆ ಪೂರ್ತಿ ಓದಬೇಕಾಗಿ ವಿನಂತಿ.

ಮೊದಲು ಲೆಕ್ಕ. 19ರ ರಾತ್ರಿ ಊಟ 200 ಎಲೆ, ₹150ರಂತೆ ₹30,000. ಮದುವೆ ದಿನ ಬೆಳಗಿನ ಉಪ್ಪಿಟ್ಟು-ಶಿರಾ ನಾಷ್ಟಾ 300 ಮಂದಿಗೆ, ₹70ರಂತೆ ₹21,000. ಮಧ್ಯಾಹ್ನದ ಊಟ 700 ಎಲೆ, ₹270ರಂತೆ ₹1,89,000. ಒಟ್ಟು ₹2,40,000. ಅದರ ಮೇಲೆ ಶೇ 5 ಜಿಎಸ್‌ಟಿ ₹12,000 ಸೇರಿದರೆ ₹2,52,000. ಇದರಲ್ಲಿ ಪಾತ್ರೆ, ಗ್ಯಾಸ್, ಬಡಿಸುವವರ ಕೂಲಿ, ಗಾಡಿ ಬಾಡಿಗೆ ಎಲ್ಲವೂ ಬಂದಿವೆ. ಮಂಟಪದ ನೀರು ಮತ್ತು ಕರೆಂಟ್ ಮಾತ್ರ ನಿಮ್ಮದು.

ಈ ಮೊತ್ತವನ್ನು ನಾಲ್ಕು ಕಂತು ಮಾಡಿದ್ದೇವೆ. ತಾರೀಖು ಹಿಡಿದಿಡಲು ಶೇ 10, ಅಂದರೆ ₹25,200, ಇದೇ ವಾರ. ಜನವರಿ 21ಕ್ಕೆ ಶೇ 30, ₹75,600. ಫೆಬ್ರುವರಿ 13ಕ್ಕೆ ಶೇ 40, ₹1,00,800. ಉಳಿದ ಶೇ 20, ₹50,400, ಮದುವೆ ಮುಗಿದು ಎಲೆ ಲೆಕ್ಕ ಕೂಡಿದ ಮೇಲೆ, ಫೆಬ್ರುವರಿ 23ರ ಸೋಮವಾರ. ಪ್ರತಿ ಕಂತಿನ ಅರ್ಧದ ಲಿಂಕ್ ಗದಗಿಗೆ, ಇನ್ನರ್ಧದ್ದು ಧಾರವಾಡಕ್ಕೆ ಬರುತ್ತದೆ. ಒಬ್ಬರು ತಡಮಾಡಿದರೂ ಇನ್ನೊಬ್ಬರ ರಸೀದಿ ಅವರ ಹೆಸರಿನಲ್ಲಿ ಭದ್ರವಾಗಿರುತ್ತದೆ. ಬೀಗರ ನಡುವೆ ದುಡ್ಡಿನ ಮಾತು ಬರಬಾರದು ಎಂಬುದೇ ಇದರ ಉದ್ದೇಶ.

ಈ ತಾರೀಖುಗಳನ್ನು ನಮ್ಮ ಖರೀದಿ ಮತ್ತು ಕೆಲಸ ನೋಡಿ ಗೊತ್ತುಮಾಡಿದ್ದೇವೆ. ಮೊದಲ ಕಂತು ಬಂದ ದಿನವೇ ಅಡುಗೆ ಭಟ್ಟರಿಗೂ ಬಡಿಸುವ ತಂಡಕ್ಕೂ ಇಸಾರ ಕೊಡುತ್ತೇವೆ. ಮುಹೂರ್ತ ಒತ್ತಾಗಿರುವ ದಿನಗಳಲ್ಲಿ ಇಸಾರ ಇಲ್ಲದೆ ಅವರು ನಿಲ್ಲುವುದಿಲ್ಲ. ಎರಡನೆಯ ಕಂತಿನಲ್ಲಿ ಅಮರಗೋಳ ಎಪಿಎಂಸಿಯಿಂದ ಅಕ್ಕಿ, ಬೇಳೆ, ಬೆಲ್ಲ, ಶೇಂಗಾ, ಎಣ್ಣೆ ತರುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ಖಾರ ಕುಟ್ಟಿಸಲಿಕ್ಕೂ ಇಷ್ಟು ದಿನ ಬೇಕು. ಮೂರನೆಯ ಕಂತು ಎಲ್ಲಕ್ಕಿಂತ ದೊಡ್ಡದು, ತಡವಾದರೆ ತೊಂದರೆಯೂ ಅದರಲ್ಲೇ ಹೆಚ್ಚು. ಎಲೆಗೆ ಎರಡರಂತೆ 1,400 ಖಡಕ್ ರೊಟ್ಟಿ ಬೇಕು, ಸಾಗಿಸುವಾಗ ಒಡೆಯುವುದನ್ನು ಹಿಡಿದು 1,500 ಹೇಳುತ್ತೇವೆ. ಅಷ್ಟನ್ನು ಬಡಿದು, ಸುಟ್ಟು, ಒಣಗಿಸಿ ಕಟ್ಟಿಕೊಡಲು ರೊಟ್ಟಿ ಮಾಡುವ ಹೆಣ್ಣುಮಕ್ಕಳಿಗೆ ನಾಲ್ಕು-ಐದು ದಿನ ಬೇಕು. ಎಣ್ಣೆಗಾಯಿಯ ಬದನೆಕಾಯಿ, ಹಾಲು, ಮೊಸರು, ಗ್ಯಾಸ್ ಸಿಲಿಂಡರ್ ಎಲ್ಲಕ್ಕೂ ಆ ವಾರ ರೋಕ ಕೊಡಬೇಕಾಗುತ್ತದೆ.

ಇನ್ನು ಲಿಂಕ್. ಎಸ್ಟಿಮೇಟ್ ಮೇಲೆ ಅಚ್ಚಾಗಿರುವ ನಂಬರಿನಿಂದಲೇ ನಿಮಗೆ ವಾಟ್ಸಾಪ್‌ನಲ್ಲಿ ಬರುತ್ತದೆ. ಒತ್ತಿದಾಗ ನಮ್ಮ ರಸೀದಿ ಪುಸ್ತಕದಲ್ಲಿರುವ ಹೆಸರು, ಎಷ್ಟನೆಯ ಕಂತು, ಮದುವೆಯ ತಾರೀಖು, ಮೊತ್ತ ಕಾಣಿಸಬೇಕು. ಮೊತ್ತವನ್ನು ನಾವೇ ತುಂಬಿರುತ್ತೇವೆ, ನೀವು ಬರೆಯುವುದೇನಿಲ್ಲ. ನಾಲ್ಕೂ ಸರಿಯಿದ್ದರೆ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಇವುಗಳಲ್ಲಿ ಒಂದನ್ನು ಆರಿಸಿ ಕಟ್ಟಿ. ಕಾರ್ಡಿನಲ್ಲಿ ಕಟ್ಟಿದರೆ ಬೀಳುವ ಶುಲ್ಕ ನಮ್ಮದೇ. ಲಿಂಕ್ 72 ತಾಸು ನಡೆಯುತ್ತದೆ. ಅವಧಿ ಮುಗಿದರೆ ಒಂದು ಮೆಸೇಜ್ ಹಾಕಿ, ಹೊಸದು ಕಳಿಸುತ್ತೇವೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗ ಕಟ್ಟುವುದಾದರೆ ಅದೇ ಲಿಂಕನ್ನು ಅವರಿಗೆ ಫಾರ್ವರ್ಡ್ ಮಾಡಬಹುದು. ಆದರೆ ಕಟ್ಟುವವರು ಒಬ್ಬರೇ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಇಬ್ಬರು ಒಂದೇ ಹೊತ್ತಿಗೆ ಒತ್ತಿದರೆ ಎರಡು ಸಲ ಹಣ ಕಡಿತವಾಗುವ ಸಂಭವವಿದೆ, ಅದು ಮರಳಲು ದಿನಗಳು ಹಿಡಿಯುತ್ತವೆ.

ಅರ್ಧರ್ಧ ಬಿಟ್ಟು ಒಂದೇ ಕಡೆಯವರು ಪೂರ್ತಿ ಕಟ್ಟುತ್ತೇವೆಂದರೆ ಒಂದು ವಿಷಯ ಗಮನಿಸಿ. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ ₹1 ಲಕ್ಷದ ಮಿತಿ ಇರುತ್ತದೆ, ಕೆಲವು ಬ್ಯಾಂಕುಗಳು ಇನ್ನೂ ಕಡಿಮೆ ಇಟ್ಟಿವೆ. ಮೂರನೆಯ ಕಂತು ಆ ಮಿತಿಯನ್ನು ₹800ರಷ್ಟು ದಾಟುತ್ತದೆ. ಆಗ ₹50,400ರ ಎರಡು ಲಿಂಕುಗಳನ್ನು ಎರಡು ದಿನ ಕಟ್ಟಿ, ಇಲ್ಲವೇ ನೆಟ್ ಬ್ಯಾಂಕಿಂಗ್ ಬಳಸಿ. ಹೊಸ ಫೋನ್ ತೆಗೆದುಕೊಂಡವರಿಗೆ ಮೊದಲ 24 ತಾಸು ₹5,000ಕ್ಕಿಂತ ಹೆಚ್ಚು ಕಳಿಸಲು ಸಾಮಾನ್ಯವಾಗಿ ಬ್ಯಾಂಕ್ ಬಿಡುವುದಿಲ್ಲ. ಕೊನೆಯ ದಿನದವರೆಗೆ ಕಾಯದಿರುವುದು ಒಳ್ಳೆಯದು.

ಖಾತೆಯಿಂದ ಹಣ ಹೋಗಿ, ಪರದೆಯ ಮೇಲೆ ‘ವಿಫಲ’ ಎಂದು ಬಂದರೆ ತಕ್ಷಣ ಮತ್ತೆ ಕಟ್ಟಬೇಡಿ. ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದರೆ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ಕಳಿಸಿ. ನಮಗೆ ಮುಟ್ಟಿದೆಯೋ ಇಲ್ಲವೋ ಅಂದೇ ನೋಡಿ ಹೇಳುತ್ತೇವೆ. ಮುಟ್ಟಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಐದು ದಿನದೊಳಗೆ ನಿಮ್ಮ ಖಾತೆಗೆ ತಾನೇ ಮರಳಬೇಕು. ಅಷ್ಟು ದಿನ ನಿಮ್ಮ ಕೆಲಸ ನಿಲ್ಲಿಸುವುದಿಲ್ಲ, ಯುಟಿಆರ್ ನೋಡಿ ಸಾಮಾನು ಹೇಳುತ್ತೇವೆ.

ಮದುವೆ ಮನೆಯ ಗಡಿಬಿಡಿಯಲ್ಲಿ ಮೋಸ ಮಾಡುವುದು ಸುಲಭ. ‘ಕೇಟರಿಂಗ್‌ನವರ ಖಾತೆ ಬದಲಾಗಿದೆ’ ಎಂದು ಬೇರೆ ನಂಬರಿನಿಂದ ಯಾರಾದರೂ ಹೇಳಿದರೆ ನಂಬಬೇಡಿ, ಎಸ್ಟಿಮೇಟ್ ಮೇಲಿನ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಪಿನ್, ಓಟಿಪಿ ನಾವು ಎಂದೂ ಕೇಳುವುದಿಲ್ಲ, ಯಾವ ಆ್ಯಪ್ ಹಾಕಿಕೊಳ್ಳಲೂ ಹೇಳುವುದಿಲ್ಲ. ಹಣ ವಾಪಸ್ ಕೊಡುತ್ತೇವೆಂದು ಕ್ಯೂಆರ್ ಸ್ಕ್ಯಾನ್ ಮಾಡಿಸಿ ಪಿನ್ ಒತ್ತಿಸುವವರು ಕಳ್ಳರೇ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಇದನ್ನು ಮನೆಯ ಹಿರಿಯರಿಗೂ ದಯವಿಟ್ಟು ತಿಳಿಸಿ ಹೇಳಿ.

ನಗದು ಕೊಡಬೇಕೆನ್ನುವವರು ಸಣ್ಣ ಕಂತುಗಳನ್ನು ಹಾಗೆ ಕೊಡಬಹುದು, ಪಕ್ಕಾ ರಸೀದಿ ಸಿಗುತ್ತದೆ. ಆದರೆ ಒಂದೇ ಸಮಾರಂಭಕ್ಕೆ ಒಬ್ಬರಿಂದ ₹2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ತಡೆದಿದೆ. ಬೇರೆ ಬೇರೆ ದಿನ ಕೊಟ್ಟರೂ ಒಟ್ಟು ಲೆಕ್ಕವೇ ಹಿಡಿಯುತ್ತದೆ. ಹೀಗಾಗಿ ಪೂರ್ತಿ ನಗದು ಬೇಡ.

ಎಲೆ ಕಡಿಮೆ ಮಾಡುವುದಿದ್ದರೆ ಫೆಬ್ರುವರಿ 10ರ ಸಂಜೆಯೊಳಗೆ ಹೇಳಿ, ಮೂರನೆಯ ಲಿಂಕನ್ನು ಹೊಸ ಲೆಕ್ಕಕ್ಕೆ ಮಾಡುತ್ತೇವೆ. ಆಮೇಲೆ 700 ಎಲೆ ಖಾಯಂ. ಮಂದಿ ಹೆಚ್ಚು ಬಂದರೆ ಪಂಕ್ತಿ ಪಂಕ್ತಿಗೂ ಎರಡೂ ಕಡೆಯ ಒಬ್ಬೊಬ್ಬರು ನಮ್ಮವರ ಜೊತೆ ನಿಂತು ಎಲೆ ಎಣಿಸಿ ಚೀಟಿಗೆ ಸಹಿ ಹಾಕಿ. 760 ಎಲೆ ಎದ್ದವು ಎನ್ನಿ: ಹೆಚ್ಚಿನ 60ಕ್ಕೆ ₹16,200, ಜಿಎಸ್‌ಟಿ ₹810. ಆಗ ಕೊನೆಯ ಕಂತು ₹67,410, ತಲಾ ₹33,705.

ಸೂತಕವೋ ಬೇರೆ ಅಡಚಣೆಯೋ ಬಂದು ಮದುವೆ ಮುಂದೆ ಹೋದರೆ ಕಟ್ಟಿದ ಹಣ ಹೊಸ ತಾರೀಖಿಗೆ ಜಮಾ ಆಗುತ್ತದೆ. ಭಟ್ಟರಿಗೆ ಕೊಟ್ಟ ಇಸಾರ ಮತ್ತು ಕೆಟ್ಟುಹೋಗುವ ಸಾಮಾನಿನ ಬಿಲ್ ಮಾತ್ರ ತೋರಿಸಿ ಕಳೆಯುತ್ತೇವೆ. ರದ್ದಾದರೆ ಇವೆರಡನ್ನೇ ಕಳೆದು, ಉಳಿದದ್ದನ್ನು ಕಟ್ಟಿದ ಖಾತೆಗೇ ಮರಳಿಸುತ್ತೇವೆ. ಇದಕ್ಕೆ ಬ್ಯಾಂಕಿನ ಐದರಿಂದ ಏಳು ಕೆಲಸದ ದಿನ ಬೇಕು.

ಮೊದಲ ಕಂತಿನ ₹12,600ರ ಲಿಂಕ್ ನಾಳೆ ಬೆಳಿಗ್ಗೆ ಇಬ್ಬರಿಗೂ ಬರುತ್ತದೆ. ರಸೀದಿ ಯಾರ ಹೆಸರಿಗೆ, ಲಿಂಕ್ ಯಾವ ನಂಬರಿಗೆ ಬೇಕು ಎಂಬುದನ್ನು ಇಂದು ರಾತ್ರಿಯೊಳಗೆ ವಾಟ್ಸಾಪ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಮದುವೆ ಅಡುಗೆ ಗುತ್ತಿಗೆದಾರರು
ಕೇಶ್ವಾಪುರ, ಹುಬ್ಬಳ್ಳಿ